ರೌಟರ್ ಹೊಸದು, ಬಲ್ಬ್‌ಗೆ ನೆನಪಿರುವುದು ಹಳೆಯ ಹೆಸರು

ಪ್ರಶ್ನೆ: ಸರ್, ನಮ್ಮದು ಮೈಸೂರು. ಹೋದ ವಾರ ಇಂಟರ್ನೆಟ್‌ನವರು ಬಂದು ಹಳೆಯ ರೌಟರ್ ತೆಗೆದು ಹೊಸದು ಹಾಕಿ ಹೋದರು. ಮೊಬೈಲ್, ಟಿವಿ ಎಲ್ಲ ಚೆನ್ನಾಗಿ ನಡೀತಿವೆ. ಆದರೆ ಆರು ಸ್ಮಾರ್ಟ್ ಬಲ್ಬ್, ಗೀಸರ್‌ನ ಪ್ಲಗ್, ಹಾಲ್‌ನ ಪ್ಲಗ್ ಎಲ್ಲವೂ ಆಪ್‌ನಲ್ಲಿ ಆಫ್‌ಲೈನ್. ಅಲೆಕ್ಸಾಗೆ ಹೇಳಿದರೆ ‘ಸ್ಪಂದಿಸುತ್ತಿಲ್ಲ’ ಅನ್ನುತ್ತದೆ. ಒಂದು ಬಲ್ಬ್ ಡಿಲೀಟ್ ಮಾಡಿ ಮತ್ತೆ ಸೇರಿಸಲು ನೋಡಿದೆ, ಅರ್ಧಕ್ಕೆ ಬಂದು ಫೇಲ್ ಆಗುತ್ತದೆ. ವೈಫೈ ಫುಲ್ ಸಿಗ್ನಲ್ ಇದೆ. ಬಲ್ಬ್‌ಗಳೇ ಹೋದವಾ? ಎಲ್ಲ ಹೊಸದು ತಗೋಬೇಕಾ?

ಉತ್ತರ:

ಬಲ್ಬ್ ಹೋಗಿಲ್ಲ. ಎಂಟು ವಸ್ತುಗಳು ಒಟ್ಟಿಗೆ ಮಾತಾಡಿಕೊಂಡು ಒಂದೇ ದಿನ ಕೆಡುವುದಿಲ್ಲ. ಹೊಸದು ತಗೊಳ್ಳುವ ಮಾತು ಬಿಡಿ. ಇನ್ನೊಂದು ಕೆಲಸವನ್ನೂ ಈಗಲೇ ನಿಲ್ಲಿಸಿ: ಉಳಿದ ಏಳನ್ನು ಆಪ್‌ನಿಂದ ಡಿಲೀಟ್ ಮಾಡಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲ ಸಲ ಬಲ್ಬ್ ಜೋಡಿಸಿದಾಗ ಅದು ಎರಡು ವಿಷಯ ಬರೆದಿಟ್ಟುಕೊಂಡಿತ್ತು. ನಿಮ್ಮ ವೈಫೈ ಹೆಸರು, ಅದರ ಪಾಸ್‌ವರ್ಡ್. ಅಷ್ಟೇ. ಕರೆಂಟ್ ಹೋಗಿ ಬಂದಾಗಲೆಲ್ಲ ಅದು ಆ ಹೆಸರಿನ ವೈಫೈಯನ್ನೇ ಹುಡುಕುತ್ತದೆ. ಹೊಸ ರೌಟರ್ ಹೊಸ ಹೆಸರಿನೊಂದಿಗೆ ಬಂದಿದೆ. ಮೊಬೈಲ್‌ನಲ್ಲಾದರೆ ನೀವು ಹೊಸ ಹೆಸರು ಒತ್ತಿ ಪಾಸ್‌ವರ್ಡ್ ಹಾಕಿದಿರಿ. ಬಲ್ಬ್‌ಗೆ ಸ್ಕ್ರೀನೂ ಇಲ್ಲ, ಕೀಬೋರ್ಡೂ ಇಲ್ಲ. ಆಪ್‌ನಿಂದ ಹೇಳೋಣ ಅಂದರೆ, ಆಪ್ ಬಲ್ಬ್‌ನ್ನು ತಲುಪುವುದೂ ಆ ಹಳೆಯ ವೈಫೈ ಮೂಲಕವೇ. ಮನೆ ಬದಲಾಯಿಸಿದವರು ಹೊಸ ವಿಳಾಸವನ್ನು ಹಳೆಯ ಮನೆಗೆ ಪತ್ರ ಬರೆದು ತಿಳಿಸಿದ ಹಾಗೆ.

ಹಾಗಾಗಿ ಇರುವುದು ಎರಡೇ ದಾರಿ. ಒಂದು, ಎಂಟೂ ವಸ್ತುಗಳಿಗೆ ಒಂದೊಂದಾಗಿ ಹೊಸ ಹೆಸರು ಕಲಿಸುವುದು. ಇನ್ನೊಂದು, ಹೊಸ ರೌಟರ್‌ಗೇ ಹಳೆಯ ಹೆಸರು ಇಡುವುದು. ಎಲ್ಲರೂ ಮೊದಲನೆಯದಕ್ಕೇ ಕೈ ಹಾಕುತ್ತಾರೆ. ಏಣಿ ಹಾಕಿಕೊಂಡು ಭಾನುವಾರ ಪೂರ್ತಿ ಕಳೆಯುತ್ತಾರೆ. ಎರಡನೆಯದು ಸರಿಹೋದರೆ ಹತ್ತು ನಿಮಿಷದ ಕೆಲಸ, ಬಲ್ಬ್‌ನ್ನು ಮುಟ್ಟುವುದೂ ಬೇಡ.

ಅದಕ್ಕೆ ಮೊದಲು ಹಳೆಯ ಹೆಸರು, ಪಾಸ್‌ವರ್ಡ್ ಅಕ್ಷರಕ್ಕೆ ಅಕ್ಷರ ಬೇಕು. ಹಳೆಯ ರೌಟರ್ ಅವರು ಒಯ್ದಿದ್ದರೂ ಚಿಂತೆಯಿಲ್ಲ, ನಿಮ್ಮ ಮೊಬೈಲ್‌ನಲ್ಲಿ ಅದು ಇನ್ನೂ ಇರುತ್ತದೆ. ಆಂಡ್ರಾಯ್ಡ್ ಫೋನಿನ ವೈಫೈ ಸೆಟ್ಟಿಂಗ್‌ನಲ್ಲಿ `Saved networks` ಅಂತ ಇರುತ್ತದೆ. ಅಲ್ಲಿ ಹಳೆಯ ಹೆಸರು ಒತ್ತಿ `Share` ಅಂದರೆ ಕ್ಯೂಆರ್ ಕೋಡ್ ಬರುತ್ತದೆ, ಹೆಚ್ಚಿನ ಫೋನ್‌ಗಳಲ್ಲಿ ಅದರ ಕೆಳಗೆ ಪಾಸ್‌ವರ್ಡ್ ಕೂಡ. ಐಫೋನ್‌ನಲ್ಲಿ ವೈಫೈ ಪುಟದ ಮೇಲಿನ `Edit` ಒತ್ತಿ, ಬರುವ ಪಟ್ಟಿಯಲ್ಲಿ ಹಳೆಯ ಹೆಸರು ಹುಡುಕಿ ಅದರ ಪಾಸ್‌ವರ್ಡ್ ನೋಡಿ. ವಿಂಡೋಸ್ ಲ್ಯಾಪ್‌ಟಾಪ್ ಇದ್ದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಹೀಗೆ ಟೈಪ್ ಮಾಡಿ, ಹಳೆಯ ಹೆಸರನ್ನು ಕೋಟ್ ಒಳಗೆ ಹಾಕಿ:

```
netsh wlan show profile name="HaleyaHesaru" key=clear
```

`Key Content` ಎಂಬ ಸಾಲಿನಲ್ಲಿ ಪಾಸ್‌ವರ್ಡ್ ಕಾಣುತ್ತದೆ.

ಹೆಸರು, ಪಾಸ್‌ವರ್ಡ್ ಕೈಗೆ ಬಂತಾ? ರೌಟರ್ ಮುಟ್ಟುವ ಮೊದಲು ಒಂದು ಪರೀಕ್ಷೆ ಮಾಡಿ. ಮನೆಯಲ್ಲಿರುವ ಇನ್ನೊಂದು ಫೋನಿನಲ್ಲಿ ಹಾಟ್‌ಸ್ಪಾಟ್ ತೆರೆದು, ಹಾಟ್‌ಸ್ಪಾಟ್‌ಗೆ ಅದೇ ಹಳೆಯ ಹೆಸರು, ಅದೇ ಪಾಸ್‌ವರ್ಡ್ ಕೊಡಿ. ಬ್ಯಾಂಡ್ ಕೇಳಿದರೆ `2.4 GHz`, ಸೆಕ್ಯುರಿಟಿ ಕೇಳಿದರೆ `WPA2` ಆರಿಸಿ. ಐಫೋನ್ ಆದರೆ ಮೊದಲು ಫೋನಿನ ಹೆಸರನ್ನೇ ಬದಲಾಯಿಸಬೇಕು, ಆಮೇಲೆ `Maximize Compatibility` ಆನ್ ಮಾಡಬೇಕು. ನೀವು ಡಿಲೀಟ್ ಮಾಡದ ಒಂದು ಬಲ್ಬ್‌ನ ಸ್ವಿಚ್ ಆರಿಸಿ, ಹತ್ತು ಸೆಕೆಂಡ್ ಬಿಟ್ಟು ಹಾಕಿ. ಒಂದೇ ಸಲ, ಪಟಪಟ ಅಂತ ಮೂರು ನಾಲ್ಕು ಸಲ ಹಾಕಿ ಆರಿಸಬೇಡಿ. ಹಾಗೆ ಮಾಡಿದರೆ ಬಲ್ಬ್ ರಿಸೆಟ್ ಆಗಿ ನೆನಪಿದ್ದದ್ದನ್ನೂ ಮರೆಯುತ್ತದೆ. ಒಂದೆರಡು ನಿಮಿಷದಲ್ಲಿ ಆ ಬಲ್ಬ್ ಆಪ್‌ನಲ್ಲಿ ಜೀವ ಪಡೆದರೆ ಎರಡು ವಿಷಯ ಖಾತ್ರಿ: ಬಲ್ಬ್ ಚೆನ್ನಾಗಿದೆ, ಹೆಸರು ಪಾಸ್‌ವರ್ಡ್ ಸರಿಯಾಗಿದೆ. ಇನ್ನು ಉಳಿದದ್ದೆಲ್ಲ ರೌಟರ್ ಕೆಲಸ.

ಈಗ ನೀವು ಬರೆದ ‘ಫುಲ್ ಸಿಗ್ನಲ್’ ವಿಷಯಕ್ಕೆ ಬರೋಣ. ಗೊಂದಲ ಇರುವುದು ಅಲ್ಲೇ. ಹೊಸ ರೌಟರ್ ಒಂದೇ ಡಬ್ಬದಲ್ಲಿ ಎರಡು ರೇಡಿಯೋ ಇಟ್ಟುಕೊಂಡಿರುತ್ತದೆ. ಒಂದು 2.4 ಗಿಗಾಹರ್ಟ್ಸ್‌ನದು, ಹಳೆಯ ಬ್ಯಾಂಡ್. ಇನ್ನೊಂದು 5 ಗಿಗಾಹರ್ಟ್ಸ್‌ನದು. ಐದರದ್ದು ವೇಗ ಜಾಸ್ತಿ, ಗೋಡೆ ದಾಟುವ ಶಕ್ತಿ ಕಡಿಮೆ. 2.4ರದ್ದು ನಿಧಾನ, ಆದರೆ ದೂರ ಹೋಗುತ್ತದೆ. ನಿಮ್ಮ ಫೋನು, ಟಿವಿ ಎರಡನ್ನೂ ಕೇಳಬಲ್ಲವು. ಬಲ್ಬ್‌ಗೆ ಇರುವುದು ಒಂದೇ ಕಿವಿ, 2.4ರದ್ದು. ಒಳಗಿರುವ ಚಿಪ್ ಅಗ್ಗದ್ದು, ಉಗುರಿನಷ್ಟು ಚಿಕ್ಕದು. ದೀಪ ಹಾಕು, ಆರಿಸು ಎಂಬಷ್ಟು ಮಾತಿಗೆ ವೇಗ ಬೇಕಿಲ್ಲ, ಹಾಗಾಗಿ ತಯಾರಕರು ಎರಡನೇ ರೇಡಿಯೋಗೆ ದುಡ್ಡು ಹಾಕುವುದಿಲ್ಲ. ಫೋನಿನ ಮೇಲೆ ಕಾಣುವ ಫುಲ್ ಕಡ್ಡಿಗಳು ಬಹುಶಃ 5ರದ್ದು. ಬಲ್ಬ್‌ನ ಮಟ್ಟಿಗೆ ಅದು ಇಲ್ಲವೇ ಇಲ್ಲ. (ಹೆಸರಿನ ಕೊನೆಗೆ `_5G` ಅಂತ ಇರುತ್ತದಲ್ಲ, ಅದಕ್ಕೂ ಸಿಮ್‌ನ 5ಜಿಗೂ ಸಂಬಂಧವಿಲ್ಲ. ಸಿಮ್ ಅಂಗಡಿಯಲ್ಲಿ ಈ ಬಗ್ಗೆ ಜಗಳ ಆಡುವವರನ್ನೂ ನೋಡಿದ್ದೇನೆ.)

ಹೊಸ ರೌಟರ್‌ಗಳಲ್ಲಿ ಬಹಳಷ್ಟು ಈ ಎರಡಕ್ಕೂ ಒಂದೇ ಹೆಸರು ಇಟ್ಟು, ಯಾರು ಯಾವ ಬ್ಯಾಂಡಿಗೆ ಹೋಗಬೇಕು ಅಂತ ತಾವೇ ತೀರ್ಮಾನಿಸುತ್ತವೆ. ಸೆಟ್ಟಿಂಗ್ ಪುಟದಲ್ಲಿ ಇದಕ್ಕೆ `Smart Connect` ಅಥವಾ `Band Steering` ಎಂಬ ಹೆಸರು. ಫೋನಿಗೆ ಇದು ಒಳ್ಳೆಯದೇ. ಬಲ್ಬ್ ಜೋಡಿಸುವಾಗ ಮಾತ್ರ ಕಾಟ.

ಹಾಗಾಗಿ ನಾನು ಮಾಡುವುದು ಹೀಗೆ. ರೌಟರ್‌ನ ಅಡಿಯಲ್ಲಿರುವ ಚೀಟಿ ನೋಡಿ, ಅದರಲ್ಲಿ ಲಾಗಿನ್ ವಿಳಾಸ, ಯೂಸರ್ ಹೆಸರು, ಪಾಸ್‌ವರ್ಡ್ ಇರುತ್ತವೆ. ವಿಳಾಸ ಸಾಮಾನ್ಯವಾಗಿ `192.168.1.1`. ಬ್ರೌಸರ್‌ನಲ್ಲಿ ಹಾಕಿ ಒಳಗೆ ಹೋಗಿ. ಮೊದಲು `Smart Connect` ಆಫ್ ಮಾಡಿ. ಆಗ 2.4 ಮತ್ತು 5 ಬೇರೆ ಬೇರೆ ಕಾಣುತ್ತವೆ. 2.4ಕ್ಕೆ ನಿಮ್ಮ ಹಳೆಯ ಹೆಸರು, ಹಳೆಯ ಪಾಸ್‌ವರ್ಡ್ ಕೊಡಿ. ಸೆಕ್ಯುರಿಟಿಯನ್ನು `WPA2-PSK (AES)` ಮಾಡಿ. 5ಕ್ಕೆ ಬೇರೆ ಹೆಸರಿಡಿ, ಏನಾದರೂ ಪರವಾಗಿಲ್ಲ. ಸೇವ್ ಮಾಡಿ. ಒಂದೆರಡು ನಿಮಿಷದಲ್ಲಿ ಬಲ್ಬ್‌ಗಳು ತಾವಾಗಿಯೇ ಮನೆ ಸೇರುತ್ತವೆ. ಸೇರದಿದ್ದರೆ ಅದೇ ಹತ್ತು ಸೆಕೆಂಡಿನ ಸ್ವಿಚ್.

ಇದರಿಂದ ಒಂದು ಸಣ್ಣ ತೊಂದರೆ ಬರುತ್ತದೆ, ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಫೋನು, ಟಿವಿಗಳಿಗೂ ಹಳೆಯ ಹೆಸರು ನೆನಪಿದೆ. ಅವೂ ಓಡಿಹೋಗಿ ನಿಧಾನದ 2.4ಕ್ಕೇ ಅಂಟಿಕೊಳ್ಳಬಹುದು. ಅವುಗಳಲ್ಲಿ ಹಳೆಯ ಹೆಸರನ್ನು `Forget` ಮಾಡಿ, 5ರ ಹೆಸರಿಗೆ ಸೇರಿಸಿ. ಫೋನ್ ಒಂದು ಹೆಸರಿನಲ್ಲಿ, ಬಲ್ಬ್ ಇನ್ನೊಂದರಲ್ಲಿ ಇದ್ದರೆ ಆಪ್ ನಡೆಯುತ್ತದಾ ಅನ್ನುವ ಅನುಮಾನ ಬರಬಹುದು. ನಡೆಯುತ್ತದೆ. ಹೆಸರು ಎರಡಾದರೂ ರೌಟರ್ ಒಂದೇ, ಒಳಗಿನ ಜಾಲ ಒಂದೇ.

ಹತ್ತು ನಿಮಿಷದ ಕೆಲಸ ಅಂದೆನಲ್ಲ, ನನ್ನ ಅಕ್ಕನ ಮನೆಯಲ್ಲಿ ನನಗೇ ಎರಡು ಗಂಟೆ ಹಿಡಿಯಿತು. ಹಾಸನದಲ್ಲಿ ಅವರದು ಎರಡು ಅಂತಸ್ತಿನ ಮನೆ, ಒಟ್ಟು ಒಂಬತ್ತು ಬಲ್ಬ್ ಪ್ಲಗ್‌ಗಳು. ಹೀಗೆಯೇ ರೌಟರ್ ಬದಲಾಗಿತ್ತು. ಹಳೆಯ ಹೆಸರು ಹಾಕಿದೆ, ಸೇವ್ ಮಾಡಿದೆ, ಕಾಫಿ ಕುಡಿದು ಬಂದೆ. ಒಂಬತ್ತರಲ್ಲಿ ಒಂದೂ ಬರಲಿಲ್ಲ. ಪಾಸ್‌ವರ್ಡ್ ಮತ್ತೆ ಹಾಕಿದೆ, ರೌಟರ್ ಆರಿಸಿ ಹಾಕಿದೆ, ಇಲ್ಲ. ಕೊನೆಗೆ ಅಕ್ಕನ ಫೋನಿನ `Saved networks` ತೆಗೆದು ಎರಡೂ ಹೆಸರು ಪಕ್ಕಪಕ್ಕ ನೋಡಿದಾಗ ಗೊತ್ತಾಯಿತು. ಹಳೆಯದು `Sri_Nilaya`, ನಾನು ಹಾಕಿದ್ದು `Sri_nilaya`. ನಮ್ಮ ಕಣ್ಣಿಗೆ ಎರಡೂ ಒಂದೇ. ಬಲ್ಬ್‌ಗೆ ದೊಡ್ಡಕ್ಷರ ಬೇರೆ, ಚಿಕ್ಕಕ್ಷರ ಬೇರೆ. ಕೊನೆಯಲ್ಲಿ ಒಂದು ಸ್ಪೇಸ್ ಜಾಸ್ತಿ ಬಿದ್ದರೂ ಅದು ಬೇರೆಯವರ ಮನೆ. ಹಾಗಾಗಿ ಟೈಪ್ ಮಾಡಬೇಡಿ, ಸಾಧ್ಯವಾದರೆ ಕಾಪಿ ಪೇಸ್ಟ್ ಮಾಡಿ.

‘N’ ದೊಡ್ಡದು ಮಾಡಿದ ಕೂಡಲೇ ಏಳು ಬಂದವು. ಎರಡು ಬರಲಿಲ್ಲ, ಮೆಟ್ಟಿಲ ಹತ್ತಿರದ ಬಲ್ಬ್ ಮತ್ತು ಅಕ್ವೇರಿಯಂನ ಪ್ಲಗ್. ಪ್ಲಗ್ ರೌಟರ್‌ನಿಂದ ಆರಡಿ ದೂರದಲ್ಲಿತ್ತು, ಸಿಗ್ನಲ್ ತೊಂದರೆ ಅಂತೂ ಅಲ್ಲ. ಎರಡೂ ಒಂದೇ ಕಂಪನಿಯವು, ಉಳಿದ ಏಳು ಬೇರೆ ಕಂಪನಿಯವು. ಇದು ನನಗೆ ಸುಳಿವು ಕೊಟ್ಟಿತು. ಫೋನಿನಲ್ಲಿ ವೈಫೈ ಅನಲೈಸರ್ ಹಾಕಿ ನೋಡಿದರೆ, ಹೊಸ ರೌಟರ್ ಚಾನೆಲ್ ಆಯ್ಕೆಯನ್ನು `Auto`ದಲ್ಲಿ ಇಟ್ಟುಕೊಂಡು 13ನೇ ಚಾನೆಲ್‌ನಲ್ಲಿ ಕೂತಿತ್ತು. 2.4 ಬ್ಯಾಂಡನ್ನು ಚಾನೆಲ್ ಎಂಬ ತುಂಡುಗಳಾಗಿ ಹಂಚಿರುತ್ತಾರೆ, ನಮ್ಮ ದೇಶದಲ್ಲಿ 1ರಿಂದ 13ರವರೆಗೆ ಬಳಸಬಹುದು. ಅಮೆರಿಕದಲ್ಲಿ ಸಾಮಾನ್ಯವಾಗಿ 11ಕ್ಕೇ ನಿಲ್ಲುತ್ತಾರೆ. ಅಲ್ಲಿನ ಲೆಕ್ಕಕ್ಕೆ ಹೊಂದಿಸಿದ ವಸ್ತುಗಳು 12, 13ನ್ನು ಹುಡುಕುವುದೇ ಇಲ್ಲ. ರೌಟರ್ ಪಕ್ಕದಲ್ಲೇ ಇದ್ದರೂ ಅವಕ್ಕೆ ವೈಫೈ ಕಾಣದು. ಚಾನೆಲ್‌ನ್ನು 6ಕ್ಕೆ ಕಟ್ಟಿಹಾಕಿದೆ, ಚಾನೆಲ್‌ನ ಅಗಲವನ್ನು `20 MHz` ಮಾಡಿದೆ. ಅರ್ಧ ನಿಮಿಷದಲ್ಲಿ ಅಕ್ವೇರಿಯಂ ಬೆಳಗಿತು. ನಿಮ್ಮಲ್ಲೂ ಕೆಲವು ಬಂದು ಕೆಲವು ಬರದಿದ್ದರೆ, ಬರದವೆಲ್ಲ ಒಂದೇ ಕಂಪನಿಯವಾ ಅಂತ ನೋಡಿ. ಚಾನೆಲ್ 1, 6 ಅಥವಾ 11 ಇಡಿ.

`WPA2` ಯಾಕೆ ಅಂತ ಎರಡು ಮಾತು. ಹೊಸ ರೌಟರ್‌ಗಳು `WPA3` ಅಥವಾ `WPA2/WPA3` ಎಂಬ ಮಿಶ್ರ ಸ್ಥಿತಿಯಲ್ಲಿ ಬರುತ್ತವೆ. ಬರೀ `WPA3` ಇದ್ದರೆ ಹಳೆಯ ಬಲ್ಬ್ ಸೇರುವುದೇ ಇಲ್ಲ. ಮಿಶ್ರದಲ್ಲಿ ಹೆಚ್ಚಿನವು ಸೇರುತ್ತವೆ, ಕೆಲವು ಹಟ ಮಾಡುತ್ತವೆ. ಅದೇ ರೀತಿ 2.4ರ `Mode` ಅಥವಾ `Standard` ಎಂಬ ಜಾಗದಲ್ಲಿ `ax` ಇದ್ದು ಬಲ್ಬ್ ಸತಾಯಿಸಿದರೆ `b/g/n` ಮಾಡಿ ನೋಡಿ. 5ರ ಬ್ಯಾಂಡಿನಲ್ಲಿ ಹೊಸದನ್ನೆಲ್ಲ ಹಾಗೇ ಇಟ್ಟುಕೊಳ್ಳಿ, ಅಲ್ಲಿ ಬಲ್ಬ್‌ಗೆ ಕೆಲಸವಿಲ್ಲ.

ಇನ್ನು ನೀವು ಡಿಲೀಟ್ ಮಾಡಿದ ಆ ಒಂದು ಬಲ್ಬ್. ಅದನ್ನು ಹೊಸದಾಗಿ ಜೋಡಿಸಲೇಬೇಕು. ಹಳೆಯ ಹೆಸರು ಯಾವ ರೀತಿಯಲ್ಲೂ ಸಿಗದಿದ್ದರೆ ಎಂಟಕ್ಕೂ ಇದೇ ಗತಿ. ನಿಮ್ಮದು ಸ್ಮಾರ್ಟ್ ಲೈಫ್ ಅಥವಾ ಅದೇ ಜಾತಿಯ ಆಪ್ ಅಂದುಕೊಂಡು ಹೇಳುತ್ತೇನೆ. ಭಾರತದಲ್ಲಿ ಮಾರುವ ಬಹಳಷ್ಟು ಬಲ್ಬ್‌ಗಳ ಒಳಗೆ ಅದೇ ವ್ಯವಸ್ಥೆ ಇರುತ್ತದೆ, ಮೇಲಿನ ಹೆಸರು ಮಾತ್ರ ಬೇರೆ.

ಬಲ್ಬ್‌ನ್ನು ಮೂರು ಸಲ ಹಾಕಿ ಆರಿಸಿ, ನಾಲ್ಕನೆಯ ಸಲ ಹಾಕಿ ಬಿಡಿ. ಕೆಲವಕ್ಕೆ ಐದು ಸಲ ಬೇಕು, ಡಬ್ಬದ ಮೇಲೆ ಬರೆದಿರುತ್ತದೆ. ಪ್ಲಗ್ ಆದರೆ ಅದರ ಗುಂಡಿಯನ್ನು ಐದಾರು ಸೆಕೆಂಡ್ ಒತ್ತಿ ಹಿಡಿಯಿರಿ. ಅದು ಬೇಗ ಬೇಗ ಮಿಣುಕಲು ಶುರು ಮಾಡುತ್ತದೆ, ಸೆಕೆಂಡಿಗೆ ಸುಮಾರು ಎರಡು ಸಲ. ಇದು `EZ Mode`.

ನೀವು ಸಿಕ್ಕಿಹಾಕಿಕೊಂಡದ್ದು ಬಹುಶಃ ಇಲ್ಲೇ. ಈ ಮೋಡ್‌ನಲ್ಲಿ ಬಲ್ಬ್ ಯಾವ ವೈಫೈಗೂ ಸೇರಿರುವುದಿಲ್ಲ. ಸುಮ್ನೆ ಗಾಳಿಗೆ ಕಿವಿಗೊಟ್ಟು ಕೂತಿರುತ್ತದೆ. ನಿಮ್ಮ ಫೋನ್ ರೌಟರ್ ಮೂಲಕ ಚಿಕ್ಕ ಚಿಕ್ಕ ಪೊಟ್ಟಣಗಳನ್ನು ಗಾಳಿಗೆ ಎಸೆಯುತ್ತದೆ. ಪೊಟ್ಟಣದ ಒಳಗಿರುವುದು ಬಲ್ಬ್‌ಗೆ ಓದಲು ಬರುವುದಿಲ್ಲ, ಅದಕ್ಕೆ ಬೀಗ ಹಾಕಿರುತ್ತದೆ. ಆದರೆ ಪ್ರತಿ ಪೊಟ್ಟಣ ಎಷ್ಟು ಉದ್ದ ಅಂತ ಹೊರಗಿನಿಂದಲೇ ಅಳೆಯಬಹುದು. ಆ ಉದ್ದಗಳ ಏರಿಳಿತದಲ್ಲೇ ವೈಫೈ ಹೆಸರು, ಪಾಸ್‌ವರ್ಡ್ ಅಡಗಿರುತ್ತವೆ. ಜಾಣ ಉಪಾಯವೇ. ಆದರೆ ಫೋನ್ 5ರಲ್ಲಿ ಮಾತಾಡುತ್ತಿದ್ದು ಬಲ್ಬ್ 2.4ರಲ್ಲಿ ಕಿವಿಗೊಟ್ಟಿದ್ದರೆ ಆ ಮಾತು ಹಲವು ರೌಟರ್‌ಗಳಲ್ಲಿ ಅದಕ್ಕೆ ತಲುಪುವುದೇ ಇಲ್ಲ. ಆದ್ದರಿಂದ ಜೋಡಿಸುವಷ್ಟು ಹೊತ್ತು ಫೋನ್‌ನ್ನು 2.4ರ ಹೆಸರಿಗೆ ಸೇರಿಸಿ. ಮೊಬೈಲ್ ಡೇಟಾ ಆಫ್ ಮಾಡಿ, ವಿಪಿಎನ್ ಇದ್ದರೆ ಅದನ್ನೂ. ಆಪ್ ಕೇಳಿದರೆ ಲೊಕೇಶನ್ ಅನುಮತಿ ಕೊಡಿ, ಅದಿಲ್ಲದೆ ಆಂಡ್ರಾಯ್ಡ್‌ನಲ್ಲಿ ಆಪ್‌ಗೆ ವೈಫೈ ಹೆಸರೇ ಕಾಣುವುದಿಲ್ಲ.

ಎಷ್ಟು ಪರ್ಸೆಂಟ್‌ಗೆ ನಿಂತಿತು ಅಂತ ಆಪ್ ನೋಡುತ್ತಾ ಕೂರಬೇಡಿ, ಬಲ್ಬ್ ನೋಡಿ. ಕೊನೆಯವರೆಗೂ ಒಂದೇ ಸಮ ಮಿಣುಕುತ್ತಲೇ ಇದ್ದರೆ, ಅದಕ್ಕೆ ನಿಮ್ಮ ಮಾತು ಕೇಳಿಸಿಯೇ ಇಲ್ಲ. ಬ್ಯಾಂಡಿನ ತೊಂದರೆ. ನಡುವೆ ಮಿಣುಕು ನಿಂತು, ಆಮೇಲೂ ಆಪ್‌ನಲ್ಲಿ ಫೇಲ್ ಅಂತ ಬಂದರೆ, ಕೇಳಿಸಿದೆ ಆದರೆ ಒಳಗೆ ಹೋಗಲು ಆಗಲಿಲ್ಲ. ಪಾಸ್‌ವರ್ಡ್ ತಪ್ಪಿದೆ, ಇಲ್ಲವೇ ಸೆಕ್ಯುರಿಟಿ ಸೆಟ್ಟಿಂಗ್ ಹೊಂದುತ್ತಿಲ್ಲ.

`EZ Mode` ಎರಡು ಸಲ ಸೋತರೆ ಮೂರನೆಯ ಸಲ ಹಾಕಬೇಡಿ. ಬಲ್ಬ್‌ನ್ನು ಇನ್ನೊಮ್ಮೆ ಅದೇ ರೀತಿ ರಿಸೆಟ್ ಮಾಡಿ. ಈಗ ಅದು ನಿಧಾನವಾಗಿ, ಎರಡು ಮೂರು ಸೆಕೆಂಡಿಗೊಮ್ಮೆ ಮಿಣುಕುತ್ತದೆ. ಇದು `AP Mode`. ಬಲ್ಬ್ ತಾನೇ ಒಂದು ಪುಟ್ಟ ವೈಫೈ ಆಗಿರುತ್ತದೆ, ಫೋನಿನ ಪಟ್ಟಿಯಲ್ಲಿ `SmartLife-` ಎಂದು ಶುರುವಾಗುವ ಹೆಸರು ಕಾಣುತ್ತದೆ. ಆಪ್‌ನಲ್ಲಿ ಮನೆಯ 2.4ರ ಹೆಸರು, ಪಾಸ್‌ವರ್ಡ್ ಕೊಟ್ಟು, ಫೋನ್‌ನ್ನು ಬಲ್ಬ್‌ನ ವೈಫೈಗೆ ಸೇರಿಸಿ, ಆಪ್‌ಗೆ ಮರಳಿ. ‘ಈ ವೈಫೈಯಲ್ಲಿ ಇಂಟರ್ನೆಟ್ ಇಲ್ಲ’ ಅಂತ ಫೋನ್ ಬೊಬ್ಬೆ ಹಾಕಿದರೂ ಬಿಡಬೇಡಿ, ಅಲ್ಲೇ ಇರಿ. ಇಲ್ಲಿ ಫೋನ್ ಬಲ್ಬ್‌ನ ಕಿವಿಯಲ್ಲೇ ಹೇಳುವುದರಿಂದ ಗಾಳಿಯಲ್ಲಿ ಮಾತು ತಪ್ಪುವ ಪ್ರಶ್ನೆ ಇಲ್ಲ. ನನಗಂತೂ ಇದರ ಮೇಲೇ ನಂಬಿಕೆ ಜಾಸ್ತಿ. ಬ್ಲೂಟೂತ್ ಇರುವ ಹೊಸ ಬಲ್ಬ್‌ಗಳಲ್ಲಿ ಈ ತಲೆನೋವು ಕಡಿಮೆ, ಫೋನ್ ಬ್ಲೂಟೂತ್‌ನಲ್ಲೇ ಗುಟ್ಟು ಹೇಳಿಬಿಡುತ್ತದೆ. ಆದರೆ ಆಮೇಲೆ ಸೇರಬೇಕಾದದ್ದು ಅದೇ 2.4ಕ್ಕೆ.

ಡಿಲೀಟ್ ಬೇಡ ಅಂದದ್ದು ಇದಕ್ಕೆ: ಆಪ್‌ನಲ್ಲಿ ಹಾಗೆಯೇ ಬಿಟ್ಟು ಅದೇ ಅಕೌಂಟ್‌ನಲ್ಲಿ ಮತ್ತೆ ಜೋಡಿಸಿದರೆ ಬಲ್ಬ್ ಸಾಮಾನ್ಯವಾಗಿ ತನ್ನ ಹಳೆಯ ಹೆಸರು, ಟೈಮರ್‌ಗಳ ಜೊತೆಗೇ ವಾಪಸ್ ಬರುತ್ತದೆ. `Disconnect and wipe data` ಒತ್ತಿದರೆ ಎಲ್ಲ ಹೋಯಿತು. ಅಲೆಕ್ಸಾದಲ್ಲೂ ಹಳೆಯ ‘ದೇವರ ಮನೆ’ ಒಂದು, ಹೊಸ ‘ದೇವರ ಮನೆ’ ಒಂದು ಅಂತ ಎರಡು ಕೂತು, ಯಾವುದು ಅಂತ ಅದು ನಿಮ್ಮನ್ನೇ ಕೇಳುತ್ತದೆ. ಹಾಗಾದರೆ ಅಲೆಕ್ಸಾ ಆಪ್‌ನಲ್ಲಿ ಸ್ಪಂದಿಸದ ಹಳೆಯದನ್ನು ತೆಗೆಯಿರಿ. ಅಂದ ಹಾಗೆ ಅಕೌಂಟ್ ಮನೆಯವರಲ್ಲಿ ಯಾರದ್ದು ಅಂತ ಮೊದಲೇ ನೋಡಿಕೊಳ್ಳಿ. ಬಲ್ಬ್‌ಗಳನ್ನು ಯಜಮಾನರ ಫೋನಿನಲ್ಲಿ ಜೋಡಿಸಿದ್ದು, ಈಗ ಮಗಳ ಫೋನಿನಲ್ಲಿ ಸೇರಿಸಲು ಹೋದರೆ ಬೇರೆಯವರು ಈಗಾಗಲೇ ಸೇರಿಸಿದ್ದಾರೆ ಅಂತ ಆಪ್ ತಡೆಯಬಹುದು.

ಇಂಟರ್ನೆಟ್ ಕಂಪನಿ ಕೊಡುವ ಕೆಲವು ರೌಟರ್‌ಗಳಲ್ಲಿ ಬ್ಯಾಂಡ್ ಬೇರೆ ಮಾಡುವ ಸೆಟ್ಟಿಂಗ್‌ಗೇ ಬೀಗ ಹಾಕಿರುತ್ತಾರೆ. ಆಗ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ‘2.4 ಮತ್ತು 5 ಬೇರೆ ಮಾಡಿಕೊಡಿ’ ಅನ್ನಿ, ಅವರು ಅಲ್ಲಿಂದಲೇ ಮಾಡಬಲ್ಲರು. ಅದೂ ಆಗದಿದ್ದರೆ ಗೆಸ್ಟ್ ನೆಟ್‌ವರ್ಕ್ ಇದೆಯಾ ನೋಡಿ, ಅದನ್ನು ಬರೀ 2.4ರಲ್ಲಿ ತೆರೆದು ಹಳೆಯ ಹೆಸರು, ಪಾಸ್‌ವರ್ಡ್ ಇಡಬಹುದು. ಗೆಸ್ಟ್‌ನಲ್ಲಿ ಬಲ್ಬ್ ಮತ್ತು ಫೋನ್ ನೇರವಾಗಿ ಮಾತಾಡಲು ಆಗುವುದಿಲ್ಲ, ಎಲ್ಲ ಇಂಟರ್ನೆಟ್ ಸುತ್ತಿಕೊಂಡು ಬರಬೇಕು. ದೀಪ ಒಂದು ಕ್ಷಣ ತಡವಾಗಿ ಹತ್ತುತ್ತದೆ, ಇಂಟರ್ನೆಟ್ ಹೋದಾಗ ಆಪ್‌ನಿಂದ ಹತ್ತುವುದೇ ಇಲ್ಲ. ಅದನ್ನು ಒಪ್ಪಿಕೊಂಡರೆ ಕೆಲಸ ನಡೆಯುತ್ತದೆ.

ಕೊನೆಗೆ ಗೀಸರ್ ಪ್ಲಗ್. ಎಂಟರಲ್ಲಿ ಮೊದಲು ಸರಿ ಮಾಡಬೇಕಾದದ್ದು ಅದು. ಇಂಥ ಪ್ಲಗ್‌ಗಳಲ್ಲಿ ಬಹಳಷ್ಟರ ಟೈಮರ್ ಇರುವುದು ಕ್ಲೌಡ್‌ನಲ್ಲಿ. ಪ್ಲಗ್ ಆಫ್‌ಲೈನ್ ಇದ್ದರೆ ‘ಏಳು ಗಂಟೆಗೆ ಆರು’ ಎಂಬ ಆಜ್ಞೆ ಅದಕ್ಕೆ ಬರುವುದೇ ಇಲ್ಲ. ರೌಟರ್ ಬದಲಾದ ಹೊತ್ತಿನಲ್ಲಿ ಅದು ಆನ್ ಇದ್ದಿದ್ದರೆ ಈ ಒಂದು ವಾರವೂ ಆನ್ ಇರಬಹುದು, ಗೀಸರ್ ಥರ್ಮೋಸ್ಟಾಟ್ ಮೇಲೆ ಹತ್ತುತ್ತಾ ಆರುತ್ತಾ ಇರಬಹುದು. ಈಗಲೇ ಎದ್ದು ಹೋಗಿ ಗೋಡೆಯ ಸ್ವಿಚ್ ಆರಿಸಿ ಬನ್ನಿ.